ಸಿಲ್ವರ್ ಓಕ್ ಮರಗಳು ಜಿಗಿಯುವುದನ್ನು ನಿಲ್ಲಿಸಿದ ಬಗೆ

ಮಡಿಕೇರಿಯ ಮನೆಯಲ್ಲಿ ಕುಳಿತು ನಾನು ಕಟ್ಟುತ್ತಿರುವ ಓಪನ್ ವರ್ಲ್ಡ್ ಆಟದಲ್ಲಿ, ಕಾಫಿ ತೋಟದ ಏರುದಾರಿಯಲ್ಲಿ ಜೀಪು ಸಾಗುವಾಗ ಎದುರಿನ ಸಿಲ್ವರ್ ಓಕ್ ಮರಗಳು ಒಂದೊಂದಾಗಿ ಬೆಚ್ಚಿಬಿದ್ದಂತೆ ರೂಪ ಬದಲಿಸುತ್ತಿದ್ದವು. ದೂರ ಹೆಚ್ಚಿದಂತೆ ಮರಕ್ಕೆ ಬಳಸುವ ಸರಳ ಮಾದರಿಯ ಹಂತ, ಅಂದರೆ ಎಲ್‌ಒಡಿ, ಬದಲಾಗುವ ದೂರಗಳನ್ನು ನಾನು 25, 50, 100 ಮೀಟರ್ ಎಂದು ಅಂದಾಜಿನಲ್ಲಿ ಇಟ್ಟಿದ್ದೇ ಮೊದಲ ತಪ್ಪು.

ಸರಳಗೊಳಿಸಿದ ಮಾದರಿಯು ಮೂಲದಿಂದ ಅತಿ ಹೆಚ್ಚು ಎಷ್ಟು ಸರಿದಿದೆಯೆಂದು ಅಳೆದು, ಆ ವ್ಯತ್ಯಾಸವು ಪರದೆಯ ಮೇಲೆ ಒಂದು ಪಿಕ್ಸೆಲ್‌ಗೆ ಇಳಿಯುವ ದೂರವನ್ನು ಲೆಕ್ಕ ಹಾಕಿದೆ.

```
d = e * H / (2 * p * tan(fov / 2))
```

ಇಲ್ಲಿ e ವ್ಯತ್ಯಾಸ, H ಪರದೆಯ ಎತ್ತರ, p ಸಹಿಸಬಹುದಾದ ಪಿಕ್ಸೆಲ್, fov ಲಂಬ ನೋಟದ ಕೋನ. 1080 ಪಿಕ್ಸೆಲ್ ಹಾಗೂ 60 ಡಿಗ್ರಿಗೆ, 5 ಸೆಂ.ಮೀ. ವ್ಯತ್ಯಾಸವಿದ್ದ ಎಲ್‌ಒಡಿ1ಕ್ಕೆ ಸುಮಾರು 47 ಮೀಟರ್, 20 ಸೆಂ.ಮೀ. ವ್ಯತ್ಯಾಸದ ಎಲ್‌ಒಡಿ2ಕ್ಕೆ 187 ಮೀಟರ್ ಬಂತು. ದುರ್ಬೀನು ಹಿಡಿದಾಗ ಕೋನ ಕಿರಿದಾಗುವುದರಿಂದ ಈ ದೂರಗಳನ್ನು ಮತ್ತೆ ಲೆಕ್ಕ ಹಾಕಲೇಬೇಕು.

ಆದರೂ 187 ಮೀಟರಿನಲ್ಲಿ ಮರಗಳು ತಟ್ಟನೆ ತೆಳುವಾಗುತ್ತಿದ್ದವು. ಮರದ ನೆತ್ತಿಯ ಹಿಂದೆ ಬಿಳಿ ಮಂಜನ್ನು ಇಟ್ಟು ನೋಡಿದಾಗ ಕಾರಣ ಕಂಡಿತು: ಎಲ್‌ಒಡಿ2ರಲ್ಲಿ ಎಲೆಗಳ ಚಿತ್ರ ಹೊತ್ತ ಚಪ್ಪಟೆ ಕಾರ್ಡುಗಳು ಅರ್ಧಕ್ಕೆ ಇಳಿದು ಸಂದಿಗಳಲ್ಲಿ ಆಕಾಶ ಇಣುಕುತ್ತಿತ್ತು, ಮಾದರಿ ಎಷ್ಟು ಸರಿದಿದೆಯೆಂಬ ಅಳತೆ ಇದನ್ನು ಹಿಡಿಯುವುದೇ ಇಲ್ಲ. ಒಟ್ಟು ವಿಸ್ತೀರ್ಣ ಉಳಿಯುವಂತೆ ಮಿಕ್ಕ ಕಾರ್ಡುಗಳ ಉದ್ದ, ಅಗಲಗಳನ್ನು 1.41 ಪಟ್ಟು ಹಿಗ್ಗಿಸಿದೆ.

ಜೀಪು ಗಡಿಯಲ್ಲೇ ಹಿಂದೆ ಮುಂದೆ ಆಡಿದಾಗ ಮರ ಮಿಣುಕದಿರಲೆಂದು, ಎಲ್‌ಒಡಿ1ಕ್ಕೆ ಹಿಂದಿರುಗುವ ಬದಲಾವಣೆಯನ್ನು 170 ಮೀಟರಿಗೆ ಇಟ್ಟಿದ್ದೇನೆ.