ಪಟ್ಟಿಯೇ ಇಲ್ಲದ ಜನರನ್ನು ಹುಡುಕುವುದು ಹೇಗೆ?

ಶೌಚದ ಗುಂಡಿ ಮತ್ತು ಮ್ಯಾನ್‌ಹೋಲ್‌ಗೆ ಇಳಿದು ಕೆಲಸ ಮಾಡುವವರ ಬಗ್ಗೆ ಎಂ.ಎಸ್.ಡಬ್ಲ್ಯು. ವಿದ್ಯಾರ್ಥಿನಿಯೊಬ್ಬಳು ಪ್ರಬಂಧ ಬರೆಯಲು ಹೊರಟಿದ್ದಾಳೆ ಅಂದುಕೊಳ್ಳಿ. ಊರು ಒಂದು ತಾಲ್ಲೂಕು ಪಟ್ಟಣ. ಪುರಸಭೆಗೆ ಹೋಗಿ ಪಟ್ಟಿ ಕೇಳಿದರೆ ‘ಅಂಥವರು ನಮ್ಮಲ್ಲಿ ಯಾರೂ ಇಲ್ಲ’ ಎಂಬ ಉತ್ತರ ಬರುವ ಸಾಧ್ಯತೆಯೇ ಜಾಸ್ತಿ. ರಕ್ಷಣಾ ಸಾಧನ ಕೊಡದೆ ಜನರನ್ನು ಗುಂಡಿಗೆ ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧ ಬಂದ 2013ರ ಕಾಯ್ದೆ ನಿಷೇಧಿಸಿದೆ. ಶಿಕ್ಷೆ ಇರುವುದು ಇಳಿಸಿದವರಿಗೆ, ಇಳಿದವರಿಗಲ್ಲ. ಆದರೂ ಕೆಲಸ ಹೋಗುತ್ತದೆ ಎಂಬ ಭಯ, ಜಾತಿಯ ಅವಮಾನ ಎರಡೂ ಸೇರಿ ಅವರ ಬಾಯಿ ಕಟ್ಟಿಹಾಕುತ್ತವೆ.

ಪಟ್ಟಿ ಇಲ್ಲ ಅಂದಮೇಲೆ ಚೀಟಿ ಎತ್ತಿ ಆರಿಸುವಂತಿಲ್ಲ. ಉಳಿದ ದಾರಿ, ಒಬ್ಬರಿಂದ ಇನ್ನೊಬ್ಬರ ಪರಿಚಯ ಮಾಡಿಕೊಳ್ಳುತ್ತಾ ಹೋಗುವುದು. ಇದನ್ನೇ ಸ್ನೋಬಾಲ್ ಸ್ಯಾಂಪ್ಲಿಂಗ್ ಅನ್ನುತ್ತಾರೆ. ಇಲ್ಲೊಂದು ವಿಷಯ ಗಮನಿಸಿ. 1961ರಲ್ಲಿ ಲಿಯೊ ಗುಡ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞರು ಈ ಹೆಸರಿನಲ್ಲಿ ವಿವರಿಸಿದ ವಿಧಾನದಲ್ಲಿ ಮೊದಲ ಗುಂಪನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿಯೇ ಆರಿಸಲಾಗುತ್ತಿತ್ತು. ನಾವು ಇಂದು ಮಾಡುವುದು ಹಾಗಲ್ಲ. ನಮಗೆ ಸಿಕ್ಕವರಿಂದ ಶುರು ಮಾಡುತ್ತೇವೆ. ಹಾಗಾಗಿ ಫಲಿತಾಂಶವನ್ನು ಒಂದು ಕಡೆಗೆ ವಾಲಿಸುವ ಓರೆ ಮೊದಲ ದಿನವೇ ಒಳಗೆ ಬಂದಿರುತ್ತದೆ.

ಮೊದಲಿಗರನ್ನು ಬೇರೆ ಬೇರೆ ಕಡೆಯಿಂದ ಆರಿಸಿ

ಹೆಚ್ಚಿನವರು ಎಡವುವುದು ಇಲ್ಲೇ. ಒಬ್ಬ ಸಂಘದ ಮುಖಂಡರ ಫೋನ್ ನಂಬರ್ ಸಿಕ್ಕರೆ ಸಾಕು, ಅವರೇ ಇಪ್ಪತ್ತು ಜನರನ್ನು ಕರೆತರುತ್ತಾರೆ. ಆದರೆ ಆ ಇಪ್ಪತ್ತೂ ಜನ ಸಂಘದವರೇ ಆಗಿರುತ್ತಾರೆ. ಗುತ್ತಿಗೆದಾರರ ಮೂಲಕ ಹೋಗುವುದಂತೂ ಬೇಡವೇ ಬೇಡ. ಅವರ ಕಣ್ಣೆದುರು ಯಾರೂ ನಿಜ ಹೇಳುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ನಾಲ್ವರು ಮೊದಲಿಗರು ಇರಲಿ. ಒಬ್ಬರು ಪೌರಕಾರ್ಮಿಕರ ಕಾಲೊನಿಯವರು. ಇನ್ನೊಬ್ಬರು ಸಕ್ಕಿಂಗ್ ಮಷಿನ್ ಲಾರಿಯ ಸಹಾಯಕ. ಮೂರನೆಯವರು ಹೊಸ ಬಡಾವಣೆಗಳಲ್ಲಿ ದಿನಗೂಲಿಗೆ ಗುಂಡಿ ತೆಗೆಯುವವರು. ನಾಲ್ಕನೆಯವರು ಕಾಯಿಲೆ ಬಿದ್ದು ಕೆಲಸ ಬಿಟ್ಟವರು. ಈ ನಾಲ್ವರಿಗೆ ಒಬ್ಬರಿಗೊಬ್ಬರ ಪರಿಚಯ ಇರಬಾರದು.

ನಂಬರ್ ಕೇಳಬೇಡಿ, ಚೀಟಿ ಕೊಡಿ

‘ನಿಮಗೆ ಗೊತ್ತಿರುವವರ ಹೆಸರು ಕೊಡಿ’ ಅಂತ ಕೇಳಿದರೆ ಒಬ್ಬರ ಗುಟ್ಟನ್ನು ಇನ್ನೊಬ್ಬರಿಂದ ಹೇಳಿಸಿದಂತೆ. ಅದರ ಬದಲು ಮಾತಾಡಿದ ಪ್ರತಿಯೊಬ್ಬರಿಗೂ ನಿಮ್ಮ ಫೋನ್ ನಂಬರ್ ಇರುವ ಮೂರು ಚೀಟಿ ಕೊಡಿ, ಮೂರಕ್ಕಿಂತ ಹೆಚ್ಚು ಬೇಡ. ಅವರು ಅದನ್ನು ಇದೇ ಕೆಲಸದ ಬೇರೆಯವರಿಗೆ ಕೊಡಲಿ. ಇಷ್ಟವಿದ್ದವರು ತಾವಾಗಿ ಫೋನ್ ಮಾಡಲಿ. ಮೂರಕ್ಕೆ ಮಿತಿ ಹಾಕುವುದರಿಂದ ತುಂಬಾ ಪರಿಚಯ ಇರುವ ಒಬ್ಬರೇ ಇಡೀ ಅಧ್ಯಯನವನ್ನು ತುಂಬಿಬಿಡುವುದು ತಪ್ಪುತ್ತದೆ.

ಪ್ರತಿ ಚೀಟಿಗೂ ಒಂದು ಸಂಕೇತ ಇರಲಿ. ಮೊದಲಿಗರು ‘ಅ’ ಆದರೆ ಅವರು ಕಳಿಸಿದವರು ಅ-1, ಅ-2, ಅ-3. ಅ-2 ಕಳಿಸಿದವರು ಅ-2-1. ಹೆಸರೇ ಬರೆಯದೆ ಯಾರಿಂದ ಯಾರು ಬಂದರು ಅನ್ನುವುದು ಗೊತ್ತಾಗುತ್ತದೆ. ಎಷ್ಟು ಚೀಟಿ ಹೋಯಿತು, ಎಷ್ಟು ವಾಪಸ್ ಬಂತು ಅಂತಲೂ ಬರೆದಿಡಿ.

ಬಂದವರ ದಿನದ ಕೂಲಿ ಹಾಳಾಗುತ್ತದೆ, ಅದಕ್ಕೆ ಹಣ ಕೊಡುವುದು ನ್ಯಾಯ. ಆದರೆ ಹಣದ ಸುದ್ದಿ ಹರಡಿದರೆ ಈ ಕೆಲಸ ಮಾಡದವರೂ ಬರಬಹುದು. ಹಾಗಾಗಿ ಮೊದಲೇ ಒಂದು ಮಾತು ಕೇಳಿ: ‘ಮುಚ್ಚಳ ತೆಗೆದ ಮೇಲೆ ಎಷ್ಟು ಹೊತ್ತು ಬಿಡ್ತೀರಿ? ಒಳಗೆ ಗ್ಯಾಸ್ ಇದೆಯಾ ಅಂತ ಹೇಗೆ ನೋಡ್ತೀರಿ?’ ಇಳಿದವರ ಉತ್ತರ ತಡವರಿಸುವುದಿಲ್ಲ.

ಇನ್ನೊಂದು ಪ್ರಶ್ನೆ ಎಲ್ಲರಿಗೂ ಕೇಳಲೇಬೇಕು. ‘ಈ ಊರಲ್ಲಿ ಇದೇ ಕೆಲಸ ಮಾಡುವವರಲ್ಲಿ ಕಳೆದ ಒಂದು ತಿಂಗಳಲ್ಲಿ ನೀವು ಭೇಟಿಯಾದ ಪರಿಚಯದವರು ಎಷ್ಟು ಜನ?’ ಇಪ್ಪತ್ತು ಜನರ ಪರಿಚಯ ಇರುವವರಿಗೆ ಚೀಟಿ ತಲುಪುವ ಅವಕಾಶ ಜಾಸ್ತಿ. ಇಬ್ಬರೇ ಗೊತ್ತಿರುವವರಿಗೆ ಕಡಿಮೆ. 1997ರಲ್ಲಿ ಡಗ್ಲಸ್ ಹೆಕಾಥಾರ್ನ್ ಎಂಬ ಸಮಾಜಶಾಸ್ತ್ರಜ್ಞರು ರೂಪಿಸಿದ ವಿಧಾನ ಮುಂದೆ ಈ ಸಂಖ್ಯೆ ಇಟ್ಟುಕೊಂಡು ಲೆಕ್ಕ ಸರಿದೂಗಿಸುವಂತೆ ಬೆಳೆಯಿತು. ಅದಕ್ಕೆ ಒಬ್ಬರಿಂದ ಇನ್ನೊಬ್ಬರಿಗೆ ಸಾಗುವ ಉದ್ದನೆಯ ಸರಪಳಿಗಳು ಬೇಕು, ಜೊತೆಗೆ ಹಲವು ಊಹೆಗಳೂ ನಿಜವಾಗಬೇಕು. ಚೀಟಿ ಹಂಚಿದ ಮಾತ್ರಕ್ಕೆ ನಮ್ಮ ಚಿಕ್ಕ ಅಧ್ಯಯನ ಆ ದರ್ಜೆಗೆ ಏರುವುದಿಲ್ಲ.

ಸರಪಳಿ ಸರಪಳಿಯನ್ನೇ ಬಿಡಿಸಿ ನೋಡಿ

ಈಗ ಲೆಕ್ಕ. ಅಂಕಿಗಳು ತಿಳಿಯಲೆಂದು ಇಟ್ಟುಕೊಂಡವು. ಒಟ್ಟು 42 ಜನ ಸಿಕ್ಕರು. ಮೊದಲಿಗರನ್ನೂ ಸೇರಿಸಿ ಕಾಲೊನಿಯ ಸರಪಳಿಯಲ್ಲಿ 21, ಲಾರಿಯವರದ್ದರಲ್ಲಿ 12, ದಿನಗೂಲಿಯವರದ್ದರಲ್ಲಿ 8. ಕಾಯಿಲೆಯಿಂದ ಕೆಲಸ ಬಿಟ್ಟವರದ್ದು 1. ಅಂದರೆ ಅವರು ಕೊಟ್ಟ ಮೂರು ಚೀಟಿಯಲ್ಲಿ ಒಂದೂ ವಾಪಸ್ ಬರಲಿಲ್ಲ.

ಪ್ರಶ್ನೆ: ನಿಮಗೆ ಕೈಗವಸು ಕೊಡುತ್ತಾರಾ? ಒಟ್ಟು 18 ಜನ ಹೌದು ಅಂದರು, ಅಂದರೆ ನೂರಕ್ಕೆ ಸುಮಾರು 43. ಪ್ರಬಂಧದಲ್ಲಿ ಇದೊಂದನ್ನೇ ಬರೆದರೆ ಓದುವವರಿಗೆ ದಾರಿ ತಪ್ಪುತ್ತದೆ. ಬಿಡಿಸಿ ನೋಡಿ. ಕಾಲೊನಿಯಲ್ಲಿ 21ಕ್ಕೆ 14, ಲಾರಿಯಲ್ಲಿ 12ಕ್ಕೆ 3, ದಿನಗೂಲಿಯಲ್ಲಿ 8ಕ್ಕೆ 1, ಕೊನೆಯವರು ಇಲ್ಲ ಅಂದರು. ಕಾಲೊನಿಯಿಂದ ಮಾತ್ರ ಶುರು ಮಾಡಿದ್ದರೆ ಮೂರರಲ್ಲಿ ಎರಡು ಪಾಲು ಜನರಿಗೆ ಕೈಗವಸು ಸಿಗುತ್ತದೆ ಅಂತ ಬರೆಯುತ್ತಿದ್ದೆವು, ಅಲ್ವಾ? ಸರಪಳಿಯಿಂದ ಸರಪಳಿಗೆ ಉತ್ತರ ಇಷ್ಟು ಬದಲಾದರೆ ಒಟ್ಟು ಅಂಕಿ ಹೇಳುತ್ತಿರುವುದು ಊರಿನ ಸ್ಥಿತಿಯನ್ನಲ್ಲ, ನಾವು ಯಾರಿಂದ ಶುರು ಮಾಡಿದೆವು ಅನ್ನುವುದನ್ನು.

ಓರೆ ಯಾವ ಕಡೆಗೆ ಅಂತ ಬರೆಯಿರಿ

‘ಸ್ನೋಬಾಲ್ ವಿಧಾನ ಬಳಸಿದ್ದರಿಂದ ಫಲಿತಾಂಶವನ್ನು ಎಲ್ಲರಿಗೂ ಅನ್ವಯಿಸಲಾಗದು.’ ಈ ವಾಕ್ಯ ಎಷ್ಟೋ ಪ್ರಬಂಧಗಳ ಕೊನೆಯಲ್ಲಿ ಸುಮ್ನೆ ಬಿದ್ದಿರುತ್ತದೆ. ಅದರಿಂದ ಓದುಗರಿಗೆ ಏನೂ ತಿಳಿಯುವುದಿಲ್ಲ. ಯಾರು ತಪ್ಪಿಹೋದರು, ಅದರಿಂದ ಯಾವ ಅಂಕಿ ಮೇಲೆ ಹೋಯಿತು, ಯಾವುದು ಕೆಳಗೆ ಬಂತು ಅನ್ನುವುದನ್ನು ಹೇಳಬೇಕು.

ಕಾಯಿಲೆಯ ವಿಷಯವನ್ನೇ ತೆಗೆದುಕೊಳ್ಳಿ. ತುಂಬಾ ಕಾಯಿಲೆ ಬಿದ್ದವರು ಕೆಲಸ ಬಿಟ್ಟಿರುತ್ತಾರೆ, ಕೆಲವರು ತೀರಿಹೋಗಿರುತ್ತಾರೆ. ಇವತ್ತು ಕೆಲಸದಲ್ಲಿ ಇರುವವರ ಕೈಯಿಂದ ಕೈಗೆ ಹೋಗುವ ಚೀಟಿ ಅವರನ್ನು ಮುಟ್ಟುವುದಿಲ್ಲ. ಹಾಗಾಗಿ ನಮಗೆ ಸಿಗುವ ಕಾಯಿಲೆಯ ಪ್ರಮಾಣ ನಿಜಕ್ಕಿಂತ ಕಡಿಮೆ ಇರುವ ಸಂಭವವೇ ಹೆಚ್ಚು. ವಾಪಸ್ ಬಾರದ ಆ ಮೂರು ಚೀಟಿಗಳನ್ನೂ ಬರೆಯಬೇಕು ಅನ್ನುವುದು ಇದಕ್ಕೇ.

ಸಂಶೋಧನಾ ವಿಧಾನದ ಅಧ್ಯಾಯದಲ್ಲಿ ಹೀಗೆ ಬರೆಯಬಹುದು:

‘ಪಟ್ಟಿ ಲಭ್ಯವಿಲ್ಲದ ಕಾರಣ ಸ್ನೋಬಾಲ್ ವಿಧಾನ ಬಳಸಲಾಯಿತು. ಪರಸ್ಪರ ಪರಿಚಯವಿಲ್ಲದ ನಾಲ್ವರಿಂದ ಆರಂಭಿಸಲಾಯಿತು. 28 ಜನರಿಗೆ ತಲಾ ಮೂರರಂತೆ 84 ಚೀಟಿ ಕೊಟ್ಟು, ಅವುಗಳಿಂದ 38 ಜನ ಬಂದರು. ಕ್ಷೇತ್ರಕಾರ್ಯದ ಅವಧಿ ಮುಗಿದದ್ದರಿಂದ ಉಳಿದ 14 ಜನರಿಗೆ ಚೀಟಿ ಕೊಡಲಿಲ್ಲ. ಅರ್ಧದಷ್ಟು ಜನ ಒಂದೇ ಕಾಲೊನಿಯ ಸರಪಳಿಯವರು. ಆದ್ದರಿಂದ ಕೈಗವಸು ಸಿಗುವವರ ಪ್ರಮಾಣ ಇಲ್ಲಿ ನಿಜಕ್ಕಿಂತ ಹೆಚ್ಚು ಕಾಣುತ್ತಿರಬಹುದು. ಕಾಯಿಲೆಯಿಂದ ಕೆಲಸ ಬಿಟ್ಟವರ ಸರಪಳಿ ಬೆಳೆಯಲಿಲ್ಲ. ಆದ್ದರಿಂದ ಕಾಯಿಲೆಯ ಪ್ರಮಾಣ ಕಡಿಮೆ ಕಾಣುತ್ತಿರಬಹುದು. ಒಂಟಿಯಾಗಿ ಕೆಲಸ ಮಾಡುವವರು ಮತ್ತು ಹೊರರಾಜ್ಯದಿಂದ ಬಂದವರು ಈ ಅಧ್ಯಯನದಲ್ಲಿ ಇಲ್ಲ.’

ಸಮಯ ಮುಗಿಯಿತು ಅಂತ ಬರೆಯಲು ಸಂಕೋಚ ಬೇಡ. ಹೊಸ ವಿಷಯ ಬರುವುದು ನಿಂತಿತು ಅಂತ ಸುಳ್ಳು ಹೇಳುವುದಕ್ಕಿಂತ ಅದು ಎಷ್ಟೋ ಮೇಲು.

ಇದನ್ನು ಬರೆದ ಮೇಲೆ ಉಳಿದ ಅಧ್ಯಾಯಗಳೂ ಅದಕ್ಕೆ ಹೊಂದಬೇಕು. ‘ಪಟ್ಟಣದ ಕಾರ್ಮಿಕರಲ್ಲಿ ಶೇ 43’ ಅಂತ ಇರುವಲ್ಲೆಲ್ಲ ‘ನಾವು ಮಾತಾಡಿಸಿದ 42 ಜನರಲ್ಲಿ 18’ ಅಂತ ತಿದ್ದಿ. ಇಡೀ ಪಟ್ಟಣಕ್ಕೆ ಅನ್ವಯಿಸುವಂತೆ ಹಾಕಿದ ಕೈ-ಸ್ಕ್ವೇರ್ ಪರೀಕ್ಷೆ, ದೋಷದ ಅಂತರ ಇವನ್ನು ಕೋಷ್ಟಕದಿಂದ ತೆಗೆಯಿರಿ. ಅವುಗಳ ಜಾಗದಲ್ಲಿ ಸರಪಳಿವಾರು ಅಂಕಿಗಳ ನಾಲ್ಕು ಸಾಲು ಹಾಕಿ.