ಪ್ರಾಜೆಕ್ಟ್ ಮುಗಿಸುವಾಗ ಸಹಿಗಿಂತ ಮೊದಲು ಹಸ್ತಾಂತರ

ಪೀಣ್ಯದ ಕಾರ್ಖಾನೆಯೊಂದಕ್ಕೆ ದಾಸ್ತಾನು ನಿರ್ವಹಣೆಯ ಸಾಫ್ಟ್‌ವೇರ್ ಮಾಡಿಕೊಟ್ಟ ತಂಡಕ್ಕೆ ನಾನು ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದೆ. ನಮ್ಮಲ್ಲಿ ಗ್ರಾಹಕರ ಸಹಿ ಮೊದಲು, ದಾಖಲೆಗಳ ಹಸ್ತಾಂತರ ಆಮೇಲೆ ಎಂಬ ರೂಢಿಯಿತ್ತು. ಸಹಿ ಬಿದ್ದ ಮೇಲೆ ದಾಖಲೆಗಳನ್ನು ಯಾರೂ ತೆರೆದು ನೋಡುವುದಿಲ್ಲವಾದ್ದರಿಂದ, ಮುಕ್ತಾಯದ ಪಟ್ಟಿಯಲ್ಲಿ ನಾನು ಈ ಕ್ರಮವನ್ನು ತಿರುಗಿಸಿದೆ.

ದಾಖಲೆಗಳನ್ನು ಕೊಟ್ಟು ಸುಮ್ಮನಾಗದೆ, ಕಾರ್ಖಾನೆಯ ಐಟಿ ಸಿಬ್ಬಂದಿಯೇ ಅವುಗಳನ್ನು ಓದಿಕೊಂಡು ಖಾಲಿ ಸರ್ವರ್ ಒಂದರಲ್ಲಿ ಬ್ಯಾಕಪ್‌ನಿಂದ ಇಡೀ ವ್ಯವಸ್ಥೆಯನ್ನು ಎಬ್ಬಿಸಬೇಕು, ನಮ್ಮ ಇಂಜಿನಿಯರ್ ಪಕ್ಕದಲ್ಲಿ ಕುಳಿತಿದ್ದರೂ ಬಾಯಿ ಬಿಡಬಾರದು ಎಂದು ಗೊತ್ತುಮಾಡಿದೆವು. ಅರ್ಧಕ್ಕೇ `role does not exist` ಎಂಬ ದೋಷ ಬಂತು. ನಾವು ಬ್ಯಾಕಪ್‌ಗೆ ಬಳಸಿದ್ದ `pg_dump` ಒಂದು ಡೇಟಾಬೇಸನ್ನು ಮಾತ್ರ ತೆಗೆಯುತ್ತದೆ. ಬಳಕೆದಾರರ ಖಾತೆಗಳು ಇಡೀ ಪೋಸ್ಟ್‌ಗ್ರೆಸ್ ಸರ್ವರ್‌ಗೆ ಸೇರಿದವು, ಅವು ಆ ಕಡತದಲ್ಲಿ ಇರುವುದಿಲ್ಲ. ಹಳೆಯ ಸರ್ವರ್‌ನಲ್ಲಿ ಖಾತೆಗಳು ಮೊದಲೇ ಇದ್ದುದರಿಂದ ಅಲ್ಲಿ ಎಷ್ಟು ಸಲ ಪರೀಕ್ಷಿಸಿದ್ದರೂ ಈ ಕೊರತೆ ಕಾಣುತ್ತಿರಲಿಲ್ಲ. ಕೈಪಿಡಿಗೆ ಈ ಸಾಲು ಸೇರಿತು:

```
pg_dumpall --globals-only > globals.sql
```

ಎರಡನೆಯ ಯತ್ನದಲ್ಲಿ ಅವರು ಯಾರನ್ನೂ ಕೇಳದೆ ಕೆಲಸ ಮುಗಿಸಿದರು. ಅದಾದ ಮೇಲೆಯೇ ಸ್ವೀಕೃತಿ ಪತ್ರವನ್ನು ಕಳಿಸಿದೆ.

ಸ್ವೀಕೃತಿಯ ವಿಷಯದಲ್ಲಿ ನಾನು ಹಟಮಾರಿ. ಉಗ್ರಾಣದ ಮುಖ್ಯಸ್ಥರು ‘ಎಲ್ಲ ಚೆನ್ನಾಗಿದೆ ಸಾರ್’ ಎಂದು ಇಮೇಲ್ ಬರೆದಿದ್ದರು, ಆದರೆ ಒಪ್ಪಂದದ ಪ್ರಕಾರ ಸಹಿಯ ಅಧಿಕಾರ ಇದ್ದದ್ದು ಕಾರ್ಯಾಚರಣೆಯ ನಿರ್ದೇಶಕರಿಗೆ, ಮತ್ತು ಕೊನೆಯ ಶೇ. 10ರ ಬಿಲ್ಲನ್ನು ಲೆಕ್ಕಪತ್ರ ವಿಭಾಗ ಒಪ್ಪುವುದು ಆ ಸಹಿಯ ಮೇಲೆಯೇ. ಉಳಿದಿದ್ದ ನಾಲ್ಕು ಸಣ್ಣ ದೋಷಗಳನ್ನು ಮುಚ್ಚಿಡದೆ, ಯಾವುದನ್ನು ಯಾವ ದಿನಾಂಕದೊಳಗೆ ಸರಿಪಡಿಸುತ್ತೇವೆ ಎಂಬುದನ್ನು ಪತ್ರದ ಅನುಬಂಧದಲ್ಲಿ ಬರೆದೆವು; ಹಾಗೆ ಬರೆದದ್ದರಿಂದ ‘ದೋಷ ಉಳಿದಿದೆ, ಸಹಿ ಆಮೇಲೆ ನೋಡೋಣ’ ಎಂಬ ಮಾತಿಗೆ ಎಡೆಯಿರಲಿಲ್ಲ.

ಪರೀಕ್ಷಕರನ್ನು ಮೊದಲೇ ಬೇರೆ ಕೆಲಸಕ್ಕೆ ಬಿಟ್ಟುಕೊಟ್ಟಿದ್ದೆ. ಡೇಟಾಬೇಸ್ ಇಂಜಿನಿಯರನ್ನು ಮಾತ್ರ, ಬೇರೆ ತಂಡದ ಒತ್ತಡವಿದ್ದರೂ, ಸಹಿ ಬರುವವರೆಗೆ ಬಿಡಲಿಲ್ಲ. ಕ್ಲೌಡ್‌ನ ಪರೀಕ್ಷಾ ಸರ್ವರ್‌ಗಳನ್ನು ನಿಲ್ಲಿಸಿದರಷ್ಟೇ ಸಾಲದು, ಅವುಗಳ ಡಿಸ್ಕ್ ಮತ್ತು ಸ್ನ್ಯಾಪ್‌ಶಾಟ್‌ಗಳಿಗೆ ಬಾಡಿಗೆ ಬೀಳುತ್ತಲೇ ಇರುತ್ತದೆ, ಆದ್ದರಿಂದ ಅವನ್ನೂ ಅಳಿಸಿದೆವು. ನಮ್ಮ ವಿಪಿಎನ್ ಖಾತೆಗಳನ್ನು ಕಾರ್ಖಾನೆಯವರೇ ಮುಚ್ಚಿ, ಆಡಳಿತದ ಪಾಸ್‌ವರ್ಡ್‌ಗಳನ್ನೂ ಬದಲಿಸಿದ್ದಾಗಿ ಬರೆದುಕೊಟ್ಟರು.

ಅಂತಿಮ ವರದಿ ಎರಡೇ ಪುಟ. ಅದರಲ್ಲಿ ನಾನು ಹೆಚ್ಚು ಸಮಯ ಕೊಟ್ಟದ್ದು ಅಂದಾಜಿಗೂ ವಾಸ್ತವಕ್ಕೂ ಇದ್ದ ಅಂತರಕ್ಕೆ. ‘ವಿಳಂಬವಾಯಿತು’ ಎಂದಷ್ಟೇ ಬರೆಯುವ ಬದಲು, ನಡುವೆ ಬಂದ ಬಾರ್‌ಕೋಡ್‌ನ ಬೇಡಿಕೆಗೆ ತಗಲಿದ ಶ್ರಮವನ್ನು ಬೇರೆಯಾಗಿ, ಅದರ ಒಪ್ಪಿಗೆ ಪತ್ರದ ಸಂಖ್ಯೆಯೊಂದಿಗೆ ತೋರಿಸಿದೆ. ಮುಂದೆ ಇಂಥದೇ ಕೆಲಸಕ್ಕೆ ದರ ಕೊಡುವವರು ಮೊದಲು ಹುಡುಕುವುದು ಆ ಸಾಲನ್ನೇ.