ಹೆಕ್ಟೋಪ್ಯಾಸ್ಕಲ್‌ನ ಮುಕ್ಕಾಲು: ಹವಾಮಾನ ವರದಿಯ ಅಂಕಿಗೆ ಬ್ಯಾರೋಮೀಟರ್ ಮುಳ್ಳನ್ನು ಕೂಡಿಸುವುದು ಹೇಗೆ?

ಹವಾಮಾನ ವರದಿಯಲ್ಲಿ ವಾಯುಭಾರ 1006.4 ಹೆಕ್ಟೋಪ್ಯಾಸ್ಕಲ್ ಎಂದಿರುತ್ತದೆ. ಗೋಡೆಯ ಮೇಲಿನ ಹಳೆಯ ಬ್ಯಾರೋಮೀಟರ್‌ನಲ್ಲಿ 720ರಿಂದ 790ರವರೆಗೆ ಮಿಲಿಮೀಟರ್ ಗೆರೆಗಳು ಮಾತ್ರ ಇರುತ್ತವೆ. ವರದಿಯ ಅಂಕಿ ಈ ಡಯಲ್‌ನಲ್ಲಿ ಎಲ್ಲಿ ಬರುತ್ತದೆ, ಮುಳ್ಳು ಅಲ್ಲಿಲ್ಲದಿದ್ದರೆ ಏನು ಮಾಡಬೇಕು ಎಂಬುದು ಇಲ್ಲಿನ ವಿಷಯ.

ಮಿಲಿಬಾರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಒಂದು ಮಿಲಿಬಾರ್ ಅಂದರೆ ಒಂದು ಹೆಕ್ಟೋಪ್ಯಾಸ್ಕಲ್. ಎರಡೂ 100 ಪ್ಯಾಸ್ಕಲ್. ಹಳೆಯ ನಕ್ಷೆಯಲ್ಲಿ 1006.4 ಮಿಲಿಬಾರ್ ಎಂದಿದ್ದರೂ ಲೆಕ್ಕದಲ್ಲಿ ಏನೂ ಬದಲಾಗುವುದಿಲ್ಲ. ಕೆಲಸವಿರುವುದು ಮಿಲಿಮೀಟರ್‌ಗೆ ಇಳಿಸುವಲ್ಲಿ.

ಕಾಲುಭಾಗ ಕಳೆಯಿರಿ

ಸೂತ್ರ ಇಷ್ಟೇ:

```
mmHg = hPa × 0.750062
```

0.750062 ಮುಕ್ಕಾಲಿಗೆ ಎಷ್ಟು ಹತ್ತಿರವಿದೆಯೆಂದರೆ ಕ್ಯಾಲ್ಕುಲೇಟರ್ ಬೇಕಾಗುವುದಿಲ್ಲ. ವರದಿಯ ಅಂಕಿಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಮೂಲ ಅಂಕಿಯಿಂದ ಕಳೆಯಿರಿ. 1006.4ರ ಕಾಲುಭಾಗ 251.6. ಕಳೆದರೆ 754.8. ಪೂರ್ತಿ ಗುಣಿಸಿದರೆ ಬರುವುದು 754.86. ಕೊರತೆ 0.06 ಮಿ.ಮೀ. ಮಾತ್ರ. ಸಮುದ್ರಮಟ್ಟದ ಆಸುಪಾಸಿನ ವಾಯುಭಾರಕ್ಕೆಲ್ಲ ಕೊರತೆ ಇಷ್ಟೇ ಇರುವುದರಿಂದ, ಬೇಕೆನಿಸಿದರೆ ಕೊನೆಯಲ್ಲಿ 0.06 ಸೇರಿಸಿ 754.9 ಎಂದು ಬರೆದುಕೊಳ್ಳಬಹುದು. ಗೋಡೆಯ ಡಯಲ್‌ನಲ್ಲಿ ಅರ್ಧ ಮಿಲಿಮೀಟರ್ ಅಂದಾಜಿಸುವುದೇ ಕಷ್ಟ. ಅಲ್ಲಿಗೆ ಮುಕ್ಕಾಲು ಸಾಕು.

ಹಿಂದಕ್ಕೆ ಹೋಗುವಾಗ, ಅಂದರೆ ಮಿಲಿಮೀಟರ್‌ನಿಂದ ಹೆಕ್ಟೋಪ್ಯಾಸ್ಕಲ್‌ಗೆ, ಮೂರನೇ ಒಂದು ಪಾಲನ್ನು ಕೂಡಿಸಬೇಕು. 750ಕ್ಕೆ 250 ಸೇರಿದರೆ 1000. ಇಲ್ಲಿ ಕೈತಪ್ಪಿ ಕಾಲುಭಾಗ ಕೂಡಿಸುವವರು ಬಹಳ. ಹಾಗೆ ಮಾಡಿದರೆ 750ಕ್ಕೆ 937.5 ಬರುತ್ತದೆ, ಸಮುದ್ರಮಟ್ಟದಲ್ಲಿ ಅದು ಭಾರಿ ಚಂಡಮಾರುತದ ನಡುಭಾಗದ ವಾಯುಭಾರ. ಹೊರಗೆ ಬಿಸಿಲಿದ್ದರೆ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಡಯಲ್‌ನಲ್ಲಿ 74, 75, 76 ಎಂದಿದ್ದರೆ ಅದು ಸೆಂಟಿಮೀಟರ್, ಹತ್ತರಿಂದ ಗುಣಿಸಿಕೊಳ್ಳಿ. 28, 29, 30 ಎಂದಿದ್ದರೆ ಇಂಚು. ಎರಡು ವೃತ್ತಗಳಲ್ಲಿ ಎರಡೂ ಮಾನಗಳಿರುವ ಡಯಲ್ ಆದರೆ 1000ದ ಗೆರೆಯ ಎದುರಿಗೆ 750, 1040ರ ಎದುರಿಗೆ 780 ಇದೆಯೇ ನೋಡಿ. ಅಗ್ಗದ ಅಲಂಕಾರದ ಡಯಲ್‌ಗಳಲ್ಲಿ ಇವು ಒಂದಕ್ಕೊಂದು ಕೂಡದಿರುವುದುಂಟು. ಅಂಥದ್ದರಲ್ಲಿ ಒಂದು ವೃತ್ತವನ್ನು ಮಾತ್ರ ನಂಬಿ, ಇನ್ನೊಂದನ್ನು ಮರೆತುಬಿಡಿ.

ವರದಿಯ ಅಂಕಿ ಯಾವ ಎತ್ತರದ್ದು?

ಗುಣಾಕಾರ ಸರಿಯಿದ್ದೂ ಮುಳ್ಳು ಹತ್ತಿಪ್ಪತ್ತು ಮಿಲಿಮೀಟರ್ ಕೆಳಗಿದ್ದರೆ ಕಾರಣ ಸಾಮಾನ್ಯವಾಗಿ ಎತ್ತರ. ವರದಿಗಳಲ್ಲಿ ಬರುವುದು ಹೆಚ್ಚಾಗಿ ಸಮುದ್ರಮಟ್ಟಕ್ಕೆ ಇಳಿಸಿದ ವಾಯುಭಾರ. ಬೇರೆ ಬೇರೆ ಎತ್ತರದ ಊರುಗಳನ್ನು ಒಂದೇ ನಕ್ಷೆಯಲ್ಲಿ ಹೋಲಿಸಲು ಹಾಗೆ ಮಾಡುತ್ತಾರೆ. ಉಪಕರಣದೊಳಗಿನ ಗಾಳಿ ತೆಗೆದ ಲೋಹದ ಡಬ್ಬಿಗೆ ಮಾತ್ರ ತಿಳಿಯುವುದು ತಾನಿರುವ ಜಾಗದ ಒತ್ತಡ.

ಸಮುದ್ರಮಟ್ಟದ ಹತ್ತಿರ ಸುಮಾರು 11 ಮೀಟರ್ ಮೇಲೇರಿದರೆ ವಾಯುಭಾರ ಒಂದು ಮಿಲಿಮೀಟರ್ ಇಳಿಯುತ್ತದೆ. ಇದು 15 ಡಿಗ್ರಿ ಸೆಲ್ಸಿಯಸ್‌ನ ಲೆಕ್ಕ. ಬಿಸಿ ಗಾಳಿ ಹಗುರ, ಹಾಗಾಗಿ 30 ಡಿಗ್ರಿಯಲ್ಲಿ ಅದೇ ಒಂದು ಮಿಲಿಮೀಟರ್‌ಗೆ ಸುಮಾರು 11.7 ಮೀಟರ್ ಬೇಕು. 110 ಮೀಟರ್ ಎತ್ತರದ ಮನೆಯಲ್ಲಿ, 15 ಡಿಗ್ರಿಯಲ್ಲಿ, ಡಬ್ಬಿಗೆ ತಗಲುವ ಒತ್ತಡ ನಮ್ಮ 754.9ಕ್ಕಿಂತ 10 ಕಡಿಮೆ: 744.9 ಮಿ.ಮೀ. ಕೆಲವು ನೂರು ಮೀಟರ್‌ವರೆಗೆ ಈ ಅಡ್ಡದಾರಿ ಸಾಕು. 900 ಮೀಟರ್‌ನಲ್ಲಿ ಪ್ರಮಾಣಿತ ವಾಯುಭಾರವೇ ಸುಮಾರು 910 ಹೆಕ್ಟೋಪ್ಯಾಸ್ಕಲ್, ಅಂದರೆ 682 ಮಿ.ಮೀ.; ಮೇಲೆ ಹೇಳಿದ ಡಯಲ್‌ನಲ್ಲಿ ಆ ಅಂಕಿಯೇ ಇಲ್ಲ.

ಹಾಗಾಗಿ ಮುಳ್ಳು ಸಮುದ್ರಮಟ್ಟದ ಅಂಕಿ ತೋರಿಸಬೇಕೋ, ಮನೆಯಿರುವ ಜಾಗದ ನಿಜ ಒತ್ತಡ ತೋರಿಸಬೇಕೋ ಎಂದು ಮೊದಲೇ ತೀರ್ಮಾನಿಸಿ. ಮನೆಬಳಕೆಗೆ ಸಮುದ್ರಮಟ್ಟವೇ ಅನುಕೂಲ, ಏಕೆಂದರೆ ದಿನವೂ ವರದಿಯೊಂದಿಗೆ ನೇರ ಹೋಲಿಸಬಹುದು. ಆಗ 110 ಮೀಟರ್ ಎತ್ತರದ ಮನೆಯಲ್ಲೂ ಮುಳ್ಳನ್ನು 754.9ಕ್ಕೇ ಕೂಡಿಸುತ್ತೀರಿ, ಎತ್ತರದ ಲೆಕ್ಕ ತಾನಾಗಿ ಅದರಲ್ಲಿ ಸೇರಿಹೋಗುತ್ತದೆ.

ವಿಮಾನ ನಿಲ್ದಾಣದ ವರದಿಯಿಂದ ಅಂಕಿ ತೆಗೆದುಕೊಳ್ಳುವವರು ಒಂದು ಸಂಗತಿ ಗಮನಿಸಬೇಕು. ಅಲ್ಲಿನ `Q1006` ಎಂಬುದು ಕೆಳಗಿನ ಪೂರ್ಣಾಂಕಕ್ಕೆ ಇಳಿಸಿದ್ದು. ನಿಜವಾದ ಬೆಲೆ 1006.0 ಇರಬಹುದು, 1006.9 ಕೂಡ ಇರಬಹುದು. ಮಿಲಿಮೀಟರ್‌ನಲ್ಲಿ ಇದು ಮುಕ್ಕಾಲರಷ್ಟು ಅನಿಶ್ಚಿತತೆ. ದಶಮಾಂಶ ಕೊಡುವ ವರದಿ ಸಿಕ್ಕರೆ ಅದನ್ನೇ ಬಳಸಿ.

ಗಡಿಯಾರ ನೋಡಿ ಸ್ಕ್ರೂ ತಿರುಗಿಸಿ

ಉಷ್ಣವಲಯದಲ್ಲಿ ಹವೆ ಶಾಂತವಾಗಿದ್ದರೂ ವಾಯುಭಾರ ದಿನಕ್ಕೆರಡು ಸಲ ಏರಿಳಿಯುತ್ತದೆ. ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಏರು, ಸಂಜೆ ಮತ್ತು ನಸುಕಿನ ನಾಲ್ಕರ ಸುಮಾರಿಗೆ ಇಳಿ. ಬೆಳಗಿನ ಏರಿಗೂ ಸಂಜೆಯ ಇಳಿಗೂ 3–4 ಹೆಕ್ಟೋಪ್ಯಾಸ್ಕಲ್ ಅಂತರವಿರುತ್ತದೆ. ಬೆಳಗಿನ ವರದಿ ಹಿಡಿದುಕೊಂಡು ಸಂಜೆ ನಾಲ್ಕಕ್ಕೆ ಮುಳ್ಳು ಕೂಡಿಸಿದರೆ ಎರಡು ಮೂರು ಮಿಲಿಮೀಟರ್ ತಪ್ಪು ಅಲ್ಲೇ ಕೂತುಬಿಡುತ್ತದೆ. ಅದಕ್ಕೇ ವರದಿಯ ಸಮಯ ನೋಡಿ, ಅದು ಯಾವ ಕಾಲಮಾನದಲ್ಲಿದೆ ಎಂಬುದನ್ನೂ ನೋಡಿ, ಆ ಹೊತ್ತಿಗೇ ಉಪಕರಣದ ಮುಂದೆ ನಿಲ್ಲಿ. ಬಿರುಗಾಳಿ ಮಳೆಯ ದಿನ ಈ ಕೆಲಸ ಬೇಡ.

ಬ್ಯಾರೋಮೀಟರನ್ನು ಅದು ಇರಬೇಕಾದ ಭಂಗಿಯಲ್ಲೇ ಇಡಿ. ಗೋಡೆಗೆ ತೂಗುವಂಥದ್ದನ್ನು ಮೇಜಿನ ಮೇಲೆ ಮಲಗಿಸಿದರೆ ಒಳಗಿನ ಸನ್ನೆಗಳ ತೂಕ ಬೇರೆ ದಿಕ್ಕಿಗೆ ಬೀಳುವುದರಿಂದ ಮುಳ್ಳು ಸರಿಯುತ್ತದೆ. ಗಾಜಿನ ಮೇಲೆ ಬೆರಳಿನಿಂದ ಮೆಲ್ಲಗೆ ಒಮ್ಮೆ ತಟ್ಟಿ. ಸನ್ನೆಗಳ ಕೀಲುಗಳಲ್ಲಿ ತುಸು ಹಿಡಿತ ಇದ್ದೇ ಇರುತ್ತದೆ. ತಟ್ಟಿದಾಗ ಮುಳ್ಳು ಸಣ್ಣಗೆ ಜಿಗಿದು ತನ್ನ ಜಾಗಕ್ಕೆ ಬರುತ್ತದೆ. ಕಣ್ಣನ್ನು ಮುಳ್ಳಿಗೆ ನೇರವಾಗಿ ಇಟ್ಟು ಓದಿ.

ಈಗ ಹಿಂಬದಿ. ಹೆಚ್ಚಿನ ಉಪಕರಣಗಳಲ್ಲಿ ಹಿಂದಿನ ತಗಡಿನ ತೂತಿನೊಳಗೆ ಚಿಕ್ಕ ಸ್ಕ್ರೂ ಕಾಣುತ್ತದೆ. ತೂತಿಗೆ ಸರಿಹೊಂದುವ ಸಣ್ಣ ಸ್ಕ್ರೂಡ್ರೈವರ್‌ನಿಂದ ಒಂದು ಕಡೆಗೆ ಸ್ವಲ್ಪವೇ ತಿರುಗಿಸಿ, ಮುಳ್ಳು ಯಾವ ಕಡೆ ಹೋಯಿತು ನೋಡಿ, ಮತ್ತೆ ತಟ್ಟಿ ಓದಿ. 754.9 ಬರುವವರೆಗೆ ಹೀಗೇ. ಸ್ಕ್ರೂ ಬಿಗಿಯಾಗಿ ನಿಂತರೆ ಬಲ ಹಾಕಬೇಡಿ. ಹೊಂದಿಸುವ ಮಿತಿ ಅಲ್ಲಿಗೆ ಮುಗಿದಿದೆ ಎಂದರ್ಥ, ಎತ್ತರದ ಊರುಗಳಲ್ಲಿ ಆಗುವುದು ಇದೇ. ಡಯಲ್ ಮೇಲಿನ ಹಿತ್ತಾಳೆಯ ಗುರುತು ಮುಳ್ಳನ್ನು ತಿರುಗಿಸಿ ಹೊಂದಿಸಲು ನೋಡುವವರಿದ್ದಾರೆ. ಅದು ನಿನ್ನೆಯ ಓದನ್ನು ನೆನಪಿಡಲು ಇರುವ ಮುಳ್ಳು, ಒತ್ತಡಕ್ಕೂ ಅದಕ್ಕೂ ಸಂಬಂಧವಿಲ್ಲ.

ಸ್ಕ್ರೂ ಮುಳ್ಳನ್ನು ಸರಿಸುತ್ತದೆಯೇ ಹೊರತು ಅದರ ನಡೆಯ ಅಳತೆಯನ್ನು ಸರಿಪಡಿಸುವುದಿಲ್ಲ. ಅದನ್ನು ಪರೀಕ್ಷಿಸಲು ವಾಯುಭಾರ ಚೆನ್ನಾಗಿ ಇಳಿಯುವ ದಿನಕ್ಕೆ ಕಾಯಬೇಕು. ವರದಿ 1006.4ರಿಂದ 996.4ಕ್ಕೆ ಬಂತು ಎನ್ನಿ. ಹತ್ತು ಹೆಕ್ಟೋಪ್ಯಾಸ್ಕಲ್ ಅಂದರೆ ಏಳೂವರೆ ಮಿಲಿಮೀಟರ್, ಮುಳ್ಳು 754.9ರಿಂದ 747.4ಕ್ಕೆ ಬರಬೇಕು. ಐದೇ ಮಿಲಿಮೀಟರ್ ಇಳಿದಿದ್ದರೆ ಕೀಲುಗಳು ಅಂಟಿಕೊಂಡಿವೆ ಅಥವಾ ಡಬ್ಬಿ ಸೊರಗಿದೆ. ಎಷ್ಟು ಸಲ ಸ್ಕ್ರೂ ತಿರುಗಿಸಿದರೂ ಅದು ಹೋಗದು, ರಿಪೇರಿಯವರೇ ಬಿಚ್ಚಬೇಕು.

ಪಾದರಸದ ಕಂಬವಾದರೆ ಲೆಕ್ಕ ಬೇರೆ

ನಿಜವಾದ ಪಾದರಸದ ಬ್ಯಾರೋಮೀಟರ್ ಇದ್ದವರು ಒಂದು ವಿಚಿತ್ರ ಎದುರಿಸುತ್ತಾರೆ: ಅಳತೆಪಟ್ಟಿಯ ಮಿಲಿಮೀಟರೂ ಲೆಕ್ಕದ ಮಿಲಿಮೀಟರೂ ಒಂದಲ್ಲ. 133.322 ಪ್ಯಾಸ್ಕಲ್‌ಗೆ ಒಂದು ಮಿಲಿಮೀಟರ್ ಎನ್ನುವಾಗ ಪಾದರಸ 0 ಡಿಗ್ರಿಯಲ್ಲಿದೆ, ಗುರುತ್ವ ವೇಗೋತ್ಕರ್ಷ 9.80665 ಮೀ/ಸೆ² ಇದೆ ಎಂದು ಒಪ್ಪಿಕೊಂಡಿರುತ್ತೇವೆ. ಕೋಣೆಯ ಪಾದರಸ ಬೆಚ್ಚಗಿರುತ್ತದೆ, ಹಿಗ್ಗಿ ಹಗುರಾಗಿರುತ್ತದೆ. ಅದೇ ಒತ್ತಡವನ್ನು ತೂಗಲು ಕಂಬ ಇನ್ನಷ್ಟು ಎತ್ತರ ನಿಲ್ಲಬೇಕು.

ಹಿತ್ತಾಳೆಯ ಅಳತೆಪಟ್ಟಿಯೂ ಹಿಗ್ಗುವುದನ್ನು ಕಳೆದರೆ ಪ್ರತಿ ಡಿಗ್ರಿಗೆ ಬರುವ ವ್ಯತ್ಯಾಸ ಓದಿನ 0.000163 ಪಾಲು. 25 ಡಿಗ್ರಿಯಲ್ಲಿ 754.9ಕ್ಕೆ ಇದು 3.1 ಮಿ.ಮೀ. ಸಮಭಾಜಕ ವೃತ್ತದ ಬಳಿ ಗುರುತ್ವ ಸ್ವಲ್ಪ ಕಡಿಮೆ, ಸುಮಾರು 9.780, ಅದರಿಂದ ಇನ್ನೂ 2.0 ಮಿ.ಮೀ. 45 ಡಿಗ್ರಿ ಅಕ್ಷಾಂಶದಲ್ಲಾದರೆ ಈ ಎರಡನೆಯದನ್ನು ಬಿಟ್ಟುಬಿಡಬಹುದು. ಒಟ್ಟಿನಲ್ಲಿ ವರದಿ 1006.4 ಹೇಳುವ ಹೊತ್ತಿಗೆ, ಸಮಭಾಜಕದ ಸಮುದ್ರದಂಡೆಯ 25 ಡಿಗ್ರಿಯ ಕೋಣೆಯಲ್ಲಿ ಪಾದರಸ 754.9ರಲ್ಲಿ ಇರುವುದಿಲ್ಲ, 760.0ರಲ್ಲಿ ಇರುತ್ತದೆ. ಅದನ್ನೇ ನೇರವಾಗಿ ತಿರುಗಿಸಿ ಲೆಕ್ಕ ಹಾಕಿದವರಿಗೆ 1013 ಹೆಕ್ಟೋಪ್ಯಾಸ್ಕಲ್ ಸಿಗುತ್ತದೆ, ಉಪಕರಣವೇ ಕೆಟ್ಟಿದೆ ಅನ್ನಿಸುತ್ತದೆ. ಕೆಟ್ಟಿಲ್ಲ. ಕಂಬದ ಓದಿನಿಂದ ಮೊದಲು 3.1, ಆಮೇಲೆ 2.0 ಕಳೆದು, ಆನಂತರವೇ ಮೂರನೇ ಒಂದು ಪಾಲು ಕೂಡಿಸಬೇಕು.

ಕಂಬದ ಪಕ್ಕದ ಉಷ್ಣಮಾಪಕವನ್ನು ಎಲ್ಲಕ್ಕಿಂತ ಮೊದಲು ಓದಿ. ಹತ್ತಿರ ನಿಂತವರ ಮೈಶಾಖಕ್ಕೆ ಅದು ಬೇಗ ಏರುತ್ತದೆ, ದಪ್ಪ ಕೊಳವೆಯೊಳಗಿನ ಪಾದರಸ ಅಷ್ಟು ಬೇಗ ಬಿಸಿಯಾಗುವುದಿಲ್ಲ. ಎರಡು ಡಿಗ್ರಿ ಹೆಚ್ಚು ಓದಿಕೊಂಡರೆ ಕಾಲು ಮಿಲಿಮೀಟರ್ ಹೆಚ್ಚು ಕಳೆದಂತಾಗುತ್ತದೆ.